ಬ್ಯಾಚ್ ಶುರುವಿಗೆ ಮುಂಚೆ ಹೇಳುವ ಮಾತು

ನಾನು ಕಲಿಸುವ ಆನ್‌ಲೈನ್ ಎಕ್ಸೆಲ್ ಕ್ಲಾಸಿಗೆ ಸೇರುವವರಿಗೆ ಮೊದಲ ಸಲ "ವಾರಕ್ಕೆ ಬರೀ 2 ಗಂಟೆ" ಅಂದುಬಿಟ್ಟೆ. ಮನೆಯಲ್ಲಿ ಅಭ್ಯಾಸ ಮಾಡುವ ಹೊತ್ತು ಸೇರಿಸಿರಲಿಲ್ಲ, ಮೂರನೇ ವಾರಕ್ಕೆ ಅರ್ಧ ಜನ ಮಾಯ! ಈಗ ಹೀಗೆ ಹೇಳುತ್ತೇನೆ:

"ಆರು ವಾರ. ವಾರಕ್ಕೆ ಕ್ಲಾಸ್ 2 ಗಂಟೆ, ಅಭ್ಯಾಸ ಎರಡೂವರೆ, ಒಟ್ಟು 27 ಗಂಟೆ. ಮುಗಿದಾಗ ಅಂಗಡಿಯ ತಿಂಗಳ ಲೆಕ್ಕವನ್ನು ನೀವೇ ಹಾಕುತ್ತೀರಿ. ಟ್ಯಾಲಿ ಕಲಿಸುವುದಿಲ್ಲ, ಕೆಲಸ ಕೊಡಿಸುವುದಿಲ್ಲ. ಹಿಂದಿನ ಬ್ಯಾಚಿಗೆ ಸೇರಿದ್ದು 20 ಜನ, ಕೊನೆಯ ಲೆಕ್ಕ ಒಪ್ಪಿಸಿದ್ದು 11."

ಮುಗಿಸಿದವರನ್ನಷ್ಟೇ ಎಣಿಸಿ "ಎಲ್ಲರೂ ಪಾಸ್" ಅನ್ನಬೇಡಿ, ಸೇರಿದವರ ಸಂಖ್ಯೆಯೂ ಪಕ್ಕದಲ್ಲೇ ಇರಲಿ. ಇನ್ನು ನಮ್ಮ ತೀರ್ಥಹಳ್ಳಿ ಕಡೆ ಮಳೆಗೆ ಕರೆಂಟ್ ಹೋದರೆ ರೆಕಾರ್ಡಿಂಗ್ ನೋಡಲು ಬೇರೆ ಹೊತ್ತು ಬೇಕು, ಅದನ್ನೂ ಹೇಳಿ. ಅಡಿಕೆ ಕೊಯ್ಲಿನಲ್ಲಂತೂ ಬ್ಯಾಚ್ ಇಡಲೇಬೇಡಿ.