ಒಂದೇ ಸ್ಲೈಡ್, ಎರಡು ಲಿಪಿ: ಅಕ್ಷರದ ಅಳತೆ ಸರಿಹೊಂದಿಸುವುದು ಹೇಗೆ?

ಆಶಾ ಕಾರ್ಯಕರ್ತೆಯರ ತರಬೇತಿಗೆಂದು ಸಿದ್ಧಪಡಿಸಿದ್ದ ಒಂದು ಸ್ಲೈಡ್ ಈಚೆಗೆ ನನ್ನ ಕೈಗೆ ಬಂತು. ವಿಷಯ, ಓಆರ್‌ಎಸ್ ದ್ರಾವಣ ತಯಾರಿಸುವ ಕ್ರಮ. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್, ಎರಡಕ್ಕೂ 24 ಪಾಯಿಂಟ್. ಆದರೂ ಇಂಗ್ಲಿಷ್ ದೊಡ್ಡದಾಗಿ ಎದ್ದು ಕಾಣುತ್ತಿತ್ತು. ಯಾರಿಗಾಗಿ ಸ್ಲೈಡ್ ಮಾಡಿದ್ದರೋ ಅವರು ಓದಬೇಕಾದ ಕನ್ನಡ ಮೂಲೆ ಸೇರಿತ್ತು. ಅದನ್ನು ತಿದ್ದಿದ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಮಾತನ್ನು ತಿದ್ದಬೇಕು, ಅಕ್ಷರವನ್ನಲ್ಲ. ಇಂಗ್ಲಿಷ್ ವಾಕ್ಯವನ್ನು ಪದಕ್ಕೆ ಪದ ಇಳಿಸಿದ್ದರಿಂದ ಕನ್ನಡದ ಮೊದಲ ಸಾಲು ‘ಒಂದು ಪೂರ್ಣ ಪೊಟ್ಟಣವನ್ನು ಒಂದು ಲೀಟರ್ ಶುದ್ಧವಾದ ಕುಡಿಯುವ ನೀರಿನಲ್ಲಿ ಸಂಪೂರ್ಣವಾಗಿ ಕರಗಿಸತಕ್ಕದ್ದು’ ಎಂದಿತ್ತು. ವಿಭಕ್ತಿಯೂ ಕ್ರಿಯಾಪದದ ಬಾಲವೂ ಸೇರಿ ಕನ್ನಡದ ಪದ ಉದ್ದವಾಗುತ್ತದೆ. ಕಿರಿದಾದ ಕಾಲಂನಲ್ಲಿ ಅಂಥ ಪದ ಹಿಡಿಸದೆ ಕೆಳಗಿನ ಸಾಲಿಗೆ ಜಾರಿ, ಮೇಲಿನ ಸಾಲಿನ ಕೊನೆಯಲ್ಲಿ ದೊಡ್ಡ ಖಾಲಿ ಜಾಗ ಉಳಿಯುತ್ತದೆ. ಆದ್ದರಿಂದ ಕನ್ನಡವನ್ನೇ ಮೊದಲು, ಬಾಯಲ್ಲಿ ಹೇಳಿಕೊಡುವಂತೆ ಚಿಕ್ಕದಾಗಿ ಬರೆದು, ಇಂಗ್ಲಿಷನ್ನು ಅದಕ್ಕೆ ಹೊಂದಿಸಿದೆ:

```
ಒಂದು ಲೀಟರ್ ಶುದ್ಧ ನೀರಿಗೆ ಒಂದು ಪೊಟ್ಟಣ
One packet in one litre of clean water

ಪುಡಿ ಪೂರ್ತಿ ಕರಗುವವರೆಗೆ ಕಲಕಿ
Stir until fully dissolved

24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ
Use within 24 hours, discard the rest
```

ಅಕ್ಕಪಕ್ಕದ ಕಾಲಂ ಬಿಟ್ಟು ಮೇಲೆ ಕೆಳಗೆ ಇಟ್ಟಿದ್ದಕ್ಕೂ ಇದೇ ಕಾರಣ. ಸ್ಲೈಡಿನ ಪೂರ್ತಿ ಅಗಲ ಸಿಕ್ಕಿದರೆ ಕನ್ನಡದ ಸಾಲು ಮುರಿಯುವುದಿಲ್ಲ. ಕಾಲಂ ಬೇಕೇ ಬೇಕೆಂದಾದರೆ ಕನ್ನಡದ ಕಡೆಗೆ ಅರ್ಧಕ್ಕಿಂತ ಹೆಚ್ಚು ಅಗಲ ಕೊಡಿ.

ಇನ್ನು ಗಾತ್ರ. ಪಾಯಿಂಟ್ ಎಂಬುದು ಅಕ್ಷರ ಕೂರುವ ಚೌಕದ ಅಳತೆಯೇ ಹೊರತು ಅಕ್ಷರದ್ದಲ್ಲ. ಕನ್ನಡದಲ್ಲಿ ಗುಣಿತದ ಚಿಹ್ನೆಗಳಿಗೆ ಮೇಲೆ, ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಬೇಕಾದ್ದರಿಂದ ಮೂಲ ಅಕ್ಷರಕ್ಕೆ ಉಳಿಯುವ ಪಾಲು ಕಡಿಮೆ. ಎಷ್ಟು ಕಡಿಮೆ ಎಂಬುದು ಫಾಂಟಿನಿಂದ ಫಾಂಟಿಗೆ ಬೇರೆ. ಹಾಗಾಗಿ ಒಂದು ಖಾಲಿ ಸ್ಲೈಡಿನಲ್ಲಿ `xಗH` ಎಂದು ಒಂದೇ ಸಾಲಿನಲ್ಲಿ ಬರೆದು ದೊಡ್ಡದು ಮಾಡಿ ನೋಡಿ. ‘ಗ’ದ ತಲೆ x ನ ನೆತ್ತಿಗಿಂತ ಮೇಲೆ, H ನ ನೆತ್ತಿಗಿಂತ ತುಸು ಕೆಳಗೆ ಬರಬೇಕು. ಬರುವವರೆಗೆ ಕನ್ನಡವನ್ನು ಎರಡೆರಡು ಪಾಯಿಂಟ್ ಏರಿಸುತ್ತ ಹೋಗಿ. ನಾನು ಇಂಗ್ಲಿಷನ್ನು 24ರಲ್ಲೇ ಬಿಟ್ಟು ಕನ್ನಡವನ್ನು 28ಕ್ಕೆ ಏರಿಸಿದೆ. ಇಂಗ್ಲಿಷ್ ಶೀರ್ಷಿಕೆಯನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆದರೆ ಈ ಲೆಕ್ಕವೆಲ್ಲ ಕೆಡುತ್ತದೆ, ಅದನ್ನು ಮಾಡಬೇಡಿ.

ಕಣ್ಣಿಗೆ ಸಮವಾಗಿ ಕಂಡರೂ ಕೆಲಸ ಮುಗಿಯಲಿಲ್ಲ. ಕೊನೆಯ ಸಾಲಿನಲ್ಲಿ ಕುಳಿತವರು ಕಷ್ಟಪಡುವುದು ಮೂಲ ಅಕ್ಷರ ಓದಲು ಅಲ್ಲ, ಒತ್ತು ಓದಲು. ಒತ್ತು ಮೂಲ ಅಕ್ಷರಕ್ಕಿಂತ ಬಹಳ ಚಿಕ್ಕದು. ‘ಶುದ್ಧ’ ಎಂಬಲ್ಲಿ ‘ದ’ ಒತ್ತಿಗೂ ‘ಧ’ ಒತ್ತಿಗೂ ಇರುವ ವ್ಯತ್ಯಾಸ ಕೆಳಗಿನ ಸಣ್ಣ ಸೀಳೊಂದೇ. ಕೋಣೆಯ ಹಿಂಬದಿಯಲ್ಲಿ ನಿಂತು ‘ದ್ದ’, ‘ದ್ಧ’ ಎರಡನ್ನೂ ನೋಡಿ. ಸೀಳು ಕಾಣದಿದ್ದರೆ ಅಕ್ಷರ ಇನ್ನೂ ದೊಡ್ಡದಾಗಬೇಕು. ಜಾಗ ಸಾಲದಿದ್ದರೆ ಒಂದು ಸ್ಲೈಡನ್ನು ಎರಡು ಮಾಡಿ. ತುಂಬ ದಪ್ಪ ಅಕ್ಷರ ಬಳಸಿದರೆ ಈ ಸೀಳೇ ಮುಚ್ಚಿಹೋಗುತ್ತದೆ. ಒತ್ತಿ ಹೇಳಬೇಕಾದ ಮಾತಿಗೆ ನಾನು ಬಣ್ಣ ಬದಲಿಸುತ್ತೇನೆ.

ಮುಂದಿನದು ಸಾಲುಗಳ ಅಂತರ. ಪವರ್‌ಪಾಯಿಂಟಿನ ಸಾಮಾನ್ಯ ಟೆಂಪ್ಲೇಟಿನಲ್ಲಿ ಇದು `0.9` ಇರುತ್ತದೆ. ಇಂಗ್ಲಿಷಿಗೆ ಅದು ಸಾಕು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. `Paragraph` ಕಿಟಕಿಯಲ್ಲಿ `Line Spacing` ಅನ್ನು `Multiple` ಮಾಡಿ, `1.0`ರಿಂದ ಆರಂಭಿಸಿ, ತಗಲುವುದು ನಿಲ್ಲುವವರೆಗೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ನೋಟೊ ಸಾನ್ಸ್ ಕನ್ನಡದಂಥ ಕೆಲವು ಫಾಂಟುಗಳು ತಾವಾಗಿಯೇ ಹೆಚ್ಚು ಜಾಗ ಬಿಡುವುದರಿಂದ ಅಲ್ಲಿ ಏರಿಸುವ ಅಗತ್ಯ ಬೀಳದಿರಬಹುದು.

ಇಷ್ಟೆಲ್ಲ ಅಳೆದಿಟ್ಟ ಮೇಲೂ ಅಕ್ಷರ ತಾನೇ ಚಿಕ್ಕದಾದರೆ `Shrink text on overflow` ಚಾಲೂ ಇದೆ ಎಂದು ತಿಳಿಯಿರಿ. ಪಠ್ಯ ತುಂಬಿದ ಚೌಕವನ್ನು ಮಾತ್ರ ಅದು ಕುಗ್ಗಿಸುತ್ತದೆ, ಸಾಮಾನ್ಯವಾಗಿ ಕನ್ನಡದ್ದನ್ನೇ. `Do not Autofit` ಆರಿಸಿ.

ಕಡೆಗೆ ಫಾಂಟಿನ ಮಾತು. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಯೂನಿಕೋಡ್ ಆದರೆ ಕನ್ನಡವೇನೋ ಕಾಣುತ್ತದೆ, ಆದರೆ ಬೇರೆ ಫಾಂಟ್ ಬಂದು ಕೂತು ನೀವು ಹೊಂದಿಸಿದ 28 ಮತ್ತೆ ಚಿಕ್ಕದಾಗಬಹುದು. ಸಭಾಂಗಣಕ್ಕೆ ಪಿಡಿಎಫ್ ಪ್ರತಿಯನ್ನೂ ಒಯ್ಯಿರಿ, ಅದರಲ್ಲಿ ಅಳತೆ ಕದಲುವುದಿಲ್ಲ.