ಕೊಲಾಜನ್ ಪುಡಿ: ಹೊಟ್ಟೆಯೊಳಗೆ ಏನಾಗುತ್ತದೆ, ಕೊಳ್ಳುವ ಮುನ್ನ ಏನು ನೋಡಬೇಕು

ಕೊಲಾಜನ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿದರೆ ಅದು ಕೊಲಾಜನ್ ಆಗಿಯೇ ಉಳಿದು ಕೆನ್ನೆಗೋ ಮಂಡಿಗೋ ಹೋಗಿ ಸೇರುವುದಿಲ್ಲ. ಹಾಗೆಂದು ಅದೂ ಒಂದು ಪ್ರೋಟೀನ್ ಅಷ್ಟೇ, ಬೇಳೆಗೂ ಅದಕ್ಕೂ ವ್ಯತ್ಯಾಸವಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಯಾವ ಪುಡಿ, ಎಷ್ಟು ಗ್ರಾಂ, ಎಷ್ಟು ವಾರ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದು ಜೀರ್ಣಕ್ರಿಯೆಯಲ್ಲಿ. ಆದ್ದರಿಂದ ಮೊದಲು ಅದನ್ನು ನೋಡೋಣ.

ಹಂತ 1: ಹೊಟ್ಟೆಯಲ್ಲಿ ನಡೆಯುವುದನ್ನು ತಿಳಿಯಿರಿ

ಕೊಲಾಜನ್ ಎಂದರೆ ಹಗ್ಗದ ಹುರಿಗಳಂತೆ ಒಂದಕ್ಕೊಂದು ಸುತ್ತಿಕೊಂಡ ಮೂರು ಎಳೆಗಳು. ಒಂದೊಂದು ಎಳೆಯಲ್ಲೂ ಪ್ರೋಟೀನಿನ ಮಣಿಗಳಂಥ ಸುಮಾರು ಸಾವಿರ ಅಮೈನೋ ಆಮ್ಲಗಳಿರುತ್ತವೆ. ಪ್ರತಿ ಮೂರನೆಯದು ಗ್ಲೈಸಿನ್. ಉಳಿದವುಗಳಲ್ಲಿ ಪ್ರೋಲಿನ್ ಮತ್ತು ಹೈಡ್ರಾಕ್ಸಿಪ್ರೋಲಿನ್ ಹೆಚ್ಚು. ಚರ್ಮ, ಮೂಳೆ, ಮೀನಿನ ಪೊರೆಗಳನ್ನು ಬೇಯಿಸಿದಾಗ ಈ ಹುರಿ ಬಿಚ್ಚಿಕೊಂಡು ಜೆಲಾಟಿನ್ ಆಗುತ್ತದೆ. ಕಾಲು ಸೂಪು ಆರಿದ ಮೇಲೆ ಗಟ್ಟಿಯಾಗುವುದು ಇದರಿಂದಲೇ. ಜೆಲಾಟಿನ್‌ಗೆ ಕಿಣ್ವ ಹಾಕಿ ಇನ್ನೂ ಚಿಕ್ಕದಾಗಿ ಕತ್ತರಿಸಿದರೆ ಅಂಗಡಿಯಲ್ಲಿ ಸಿಗುವ ‘ಹೈಡ್ರೊಲೈಸ್ಡ್ ಕೊಲಾಜನ್’ ಅಥವಾ ‘ಕೊಲಾಜನ್ ಪೆಪ್ಟೈಡ್’ ಸಿದ್ಧ. ಅಣುಗಳ ತೂಕವನ್ನು ಡಾಲ್ಟನ್‌ನಲ್ಲಿ ಅಳೆಯುತ್ತಾರೆ; ಮೂಲ ಕೊಲಾಜನ್‌ನ ತೂಕ ಸುಮಾರು 3 ಲಕ್ಷ ಡಾಲ್ಟನ್ ಇದ್ದರೆ, ಈ ತುಂಡುಗಳದು ಸಾಮಾನ್ಯವಾಗಿ ಕೆಲವು ಸಾವಿರ ಡಾಲ್ಟನ್ ಅಷ್ಟೇ.

ಅಂದರೆ ಅರ್ಧ ಜೀರ್ಣ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಉಳಿದದ್ದನ್ನು ಜಠರದ ಪೆಪ್ಸಿನ್ ಮತ್ತು ಮೇದೋಜೀರಕ ಗ್ರಂಥಿಯ ಕಿಣ್ವಗಳು ಮುಂದುವರಿಸುತ್ತವೆ. ಕೊನೆಯ ಕತ್ತರಿ ಸಣ್ಣ ಕರುಳಿನ ಗೋಡೆಯದು. ಆ ಗೋಡೆ ಒಳಗೆ ಬಿಡುವುದು ಮುಖ್ಯವಾಗಿ ಬಿಡಿ ಅಮೈನೋ ಆಮ್ಲಗಳನ್ನು ಮತ್ತು ಎರಡು ಅಥವಾ ಮೂರು ಆಮ್ಲಗಳ ಪುಟ್ಟ ಜೋಡಿಗಳನ್ನು. ಹೆಚ್ಚಿನ ಪ್ರೋಟೀನ್‌ಗಳ ಇಂಥ ಜೋಡಿಗಳು ಒಳಗೆ ಹೋದ ಕೂಡಲೇ ಒಡೆದುಹೋಗುತ್ತವೆ. ಆದರೆ ಪ್ರೋಲಿನ್ ಮತ್ತು ಹೈಡ್ರಾಕ್ಸಿಪ್ರೋಲಿನ್ ಸೇರಿದ ಜೋಡಿಯನ್ನು ಒಡೆಯುವುದು ಕಿಣ್ವಗಳಿಗೆ ಕಷ್ಟ. 2005ರಲ್ಲಿ ಜಪಾನಿನ ಸಂಶೋಧಕರು ಇಂಥ ಪುಡಿ ಕುಡಿದವರ ರಕ್ತದಲ್ಲಿ ಈ ಜೋಡಿಯನ್ನು ಗುರುತಿಸಿದರು. ಕುಡಿದ ಒಂದೆರಡು ಗಂಟೆಯಲ್ಲಿ ಅದರ ಪ್ರಮಾಣ ಏರಿ, ಆಮೇಲೆ ಇಳಿಯುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಬೇಗ ನುಸುಳುತ್ತದೆ. ಈ ಜೋಡಿ ನಮ್ಮ ಹೊಸ ಕೊಲಾಜನ್‌ಗೆ ಇಟ್ಟಿಗೆಯಾಗುವುದಿಲ್ಲ. ದೇಹ ಕೊಲಾಜನ್ ಕಟ್ಟುವಾಗ ಸಿದ್ಧ ಹೈಡ್ರಾಕ್ಸಿಪ್ರೋಲಿನ್ ಬಳಸುವುದೇ ಇಲ್ಲ. ಮೊದಲು ಪ್ರೋಲಿನ್ ಸೇರಿಸಿ, ಎಳೆ ತಯಾರಾದ ಮೇಲೆ ವಿಟಮಿನ್ ಸಿ ನೆರವಿನಿಂದ ಅದನ್ನು ಹೈಡ್ರಾಕ್ಸಿಪ್ರೋಲಿನ್ ಆಗಿ ಬದಲಾಯಿಸುತ್ತದೆ. ಹಾಗಾದರೆ ಆ ಜೋಡಿಯಿಂದ ಏನು ಲಾಭ? ಅದು ಸಂಕೇತದಂತೆ ಕೆಲಸ ಮಾಡಿ ಚರ್ಮದ ಜೀವಕೋಶಗಳನ್ನು ಚುರುಕುಗೊಳಿಸಬಹುದು ಎಂಬುದು ಸಂಶೋಧಕರ ಊಹೆ. ಪ್ರಯೋಗಾಲಯದಲ್ಲಿ ಇಲಿಯ ಚರ್ಮದ ಕೋಶಗಳ ಮೇಲೆ ಅದರ ಪರಿಣಾಮ ಕಂಡಿದೆ. ತಟ್ಟೆಯಲ್ಲಿನ ಕೋಶಕ್ಕೂ ನಮ್ಮ ಮುಖಕ್ಕೂ ನಡುವಿನ ದೂರವನ್ನು ಜಾಹೀರಾತುಗಳು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತವೆ. ನೀವು ದಾಟಬೇಡಿ.

ಹಂತ 2: ಚರ್ಮದ ಪುರಾವೆಯನ್ನು ತೂಗಿ

2014ರಲ್ಲಿ ಜರ್ಮನಿಯಲ್ಲಿ ನಡೆದ ಪ್ರಯೋಗವೊಂದನ್ನು ಕಂಪನಿಗಳು ಮತ್ತೆಮತ್ತೆ ಉಲ್ಲೇಖಿಸುತ್ತವೆ. ಅದರಲ್ಲಿ 35ರಿಂದ 55 ವಯಸ್ಸಿನ 69 ಮಹಿಳೆಯರಿದ್ದರು. ದಿನಕ್ಕೆ 2.5 ಅಥವಾ 5 ಗ್ರಾಂ ಪುಡಿಯನ್ನು 8 ವಾರ ಸೇವಿಸಿದವರ ಚರ್ಮದ ಸ್ಥಿತಿಸ್ಥಾಪಕತ್ವ, ಅಂದರೆ ಎಳೆದರೆ ಮತ್ತೆ ಹಿಂದಿನಂತಾಗುವ ಗುಣ, ಹುಸಿ ಪುಡಿ ಸೇವಿಸಿದವರಿಗಿಂತ ಉತ್ತಮವಾಗಿತ್ತು. ಇಂಥ 26 ಪ್ರಯೋಗಗಳನ್ನು ಒಟ್ಟುಗೂಡಿಸಿದ 2023ರ ವಿಶ್ಲೇಷಣೆಯಲ್ಲೂ ಚರ್ಮದ ತೇವಾಂಶ ಮತ್ತು ಸ್ಥಿತಿಸ್ಥಾಪಕತ್ವ ಸುಧಾರಿಸಿದ್ದು ಕಂಡಿತು.

ಇಷ್ಟು ಓದಿದರೆ ಪುಡಿ ಕೊಳ್ಳಬೇಕೆನಿಸುವುದು ಸಹಜ. ಆದರೆ 2025ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಇನ್ನೊಂದು ವಿಶ್ಲೇಷಣೆ 23 ಪ್ರಯೋಗಗಳನ್ನು ಹಣ ಕೊಟ್ಟವರು ಯಾರು ಎಂಬುದರ ಮೇಲೆ ಬೇರ್ಪಡಿಸಿ ನೋಡಿತು. ಕಂಪನಿಗಳ ಹಣದಿಂದ ನಡೆದವುಗಳಲ್ಲಿ ಲಾಭ ಕಂಡಿತು, ಕಂಪನಿಗಳ ಹಣವಿಲ್ಲದವುಗಳಲ್ಲಿ ಕಾಣಲಿಲ್ಲ. ಉತ್ತಮ ಗುಣಮಟ್ಟದ ಪ್ರಯೋಗಗಳನ್ನಷ್ಟೇ ತೆಗೆದುಕೊಂಡಾಗಲೂ ತೇವಾಂಶ, ಸ್ಥಿತಿಸ್ಥಾಪಕತ್ವ, ಸುಕ್ಕು ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2011ರಲ್ಲಿ ಕೀಲಿನ ಕುರಿತ, 2013ರಲ್ಲಿ ಚರ್ಮದ ಕುರಿತ ಕೊಲಾಜನ್ ದಾವೆಗಳನ್ನು ಸಾಕಷ್ಟು ಆಧಾರವಿಲ್ಲವೆಂದು ಒಪ್ಪಿರಲಿಲ್ಲ.

ನಮ್ಮ ಅಭಿಪ್ರಾಯ ಇಷ್ಟು: ಚರ್ಮದ ತೇವದಲ್ಲಿ ಸಣ್ಣ ಲಾಭ ಇದ್ದರೂ ಇರಬಹುದು, ಆದರೆ ಅದನ್ನು ನಂಬಿ ತಿಂಗಳ ಬಜೆಟ್ ಬದಲಿಸುವಷ್ಟು ಪುರಾವೆ ಇಲ್ಲ. ಮುಖದ ಕೊಲಾಜನ್ ಕೆಡಿಸುವುದರಲ್ಲಿ ಬಿಸಿಲು ಮತ್ತು ಬೀಡಿ-ಸಿಗರೇಟಿನ ಪಾತ್ರ ದೊಡ್ಡದು. ಕೈಯಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ ಸನ್‌ಸ್ಕ್ರೀನ್ ತೆಗೆದುಕೊಳ್ಳಿ.

ಹಂತ 3: ಮಂಡಿಗೆ ಎರಡು ಬಗೆ ಇವೆ, ಬೆರೆಸಬೇಡಿ

ಕೀಲು ನೋವಿಗೆಂದು ಮಾರುವ ಕೊಲಾಜನ್‌ನಲ್ಲಿ ಎರಡು ಬಗೆ. ಒಂದು, ಮೇಲೆ ಹೇಳಿದ ಕತ್ತರಿಸಿದ ಪುಡಿ. ಇದರ ಪ್ರಯೋಗಗಳಲ್ಲಿ ಸಾಮಾನ್ಯ ಪ್ರಮಾಣ ದಿನಕ್ಕೆ 10 ಗ್ರಾಂ. ಇನ್ನೊಂದು ‘ಅನ್‌ಡಿನೇಚರ್ಡ್ ಟೈಪ್ 2’. ಇದನ್ನು ಕೋಳಿಯ ಎದೆಗೂಡಿನ ಮೃದ್ವಸ್ಥಿಯಿಂದ, ಹುರಿ ಬಿಚ್ಚದಂತೆ ತಯಾರಿಸುತ್ತಾರೆ. ಇದರ ಪ್ರಮಾಣ ದಿನಕ್ಕೆ 40 ಮಿಲಿಗ್ರಾಂ ಮಾತ್ರ. ಇಷ್ಟು ಕಡಿಮೆ ಏಕೆಂದರೆ ಇದು ಆಹಾರವಾಗಿ ಒಳಗೆ ಹೀರಿಕೊಳ್ಳಬೇಕಾದದ್ದಲ್ಲ. ಕರುಳಿನ ಗೋಡೆಯಲ್ಲಿರುವ ರೋಗನಿರೋಧಕ ಕೋಶಗಳಿಗೆ ಇದರ ಪರಿಚಯವಾಗಿ, ಅವು ಕೀಲಿನ ಮೃದ್ವಸ್ಥಿಯ ಮೇಲೆ ಎರಗುವುದು ಕಡಿಮೆಯಾಗುತ್ತದೆ ಎಂಬುದು ಇದರ ಹಿಂದಿನ ವಾದ. ಹಾಗಾಗಿ ಇದರ ಮಾತ್ರೆಯನ್ನು ಬಿಸಿ ಕಾಫಿಗೆ ಹಾಕಬಾರದು. ಬಿಸಿಗೆ ಹುರಿ ಬಿಚ್ಚಿಕೊಂಡರೆ ಅದನ್ನು ಕೊಂಡ ಉದ್ದೇಶವೇ ಹಾಳು. ಕತ್ತರಿಸಿದ ಪುಡಿಗೆ ಈ ಭಯವಿಲ್ಲ, ಅದರ ಹುರಿ ಆಗಲೇ ಬಿಚ್ಚಿಹೋಗಿರುತ್ತದೆ.

‘10 ಗ್ರಾಂ ಟೈಪ್ 2’ ಎಂದೋ ‘40 ಮಿಗ್ರಾಂ ಪೆಪ್ಟೈಡ್’ ಎಂದೋ ಬರೆದಿದ್ದರೆ ಎರಡು ಬಗೆಗಳ ಲೆಕ್ಕ ಕಲಸಿಹೋಗಿದೆಯೇ ಎಂದು ಅನುಮಾನಿಸಿ. 40 ಮಿಲಿಗ್ರಾಂ ಪೆಪ್ಟೈಡ್‌ನಿಂದ ಏನೂ ಆಗದು.

ಪುರಾವೆ ಹೇಗಿದೆ? 2008ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 147 ಕ್ರೀಡಾಪಟುಗಳಿಗೆ 24 ವಾರ 10 ಗ್ರಾಂ ಪುಡಿ ಅಥವಾ ಹುಸಿ ಪಾನೀಯ ಕೊಟ್ಟಾಗ ಪುಡಿ ಕುಡಿದವರಿಗೆ ಕೀಲು ನೋವು ತುಸು ಕಡಿಮೆಯಾಗಿತ್ತು. ಮಂಡಿ ಸವೆತವಿದ್ದವರ ಐದು ಪ್ರಯೋಗಗಳನ್ನು ಸೇರಿಸಿದ 2019ರ ವಿಶ್ಲೇಷಣೆಯೂ ನೋವಿನಲ್ಲಿ ಇಳಿಕೆ ಕಂಡಿತು. ಆದರೆ ಇವೆಲ್ಲ ನೋವಿನ ಅಳತೆಗಳು. ಸವೆದ ಮೃದ್ವಸ್ಥಿ ಮತ್ತೆ ಬೆಳೆಯಿತು ಎಂದು ಇವು ತೋರಿಸಿಲ್ಲ.

ಹಂತ 4: ಲೇಬಲ್‌ನ ಹಿಂಬದಿ ಓದಿ, ಲೆಕ್ಕ ಹಾಕಿ

ಉದಾಹರಣೆಗೆ 250 ಗ್ರಾಂ ಡಬ್ಬಿಗೆ 1,500 ರೂಪಾಯಿ, ಒಂದು ಸ್ಕೂಪ್ 12.5 ಗ್ರಾಂ, ಮುಂದೆ ದಪ್ಪಕ್ಷರದಲ್ಲಿ ‘10 ಗ್ರಾಂ ಕೊಲಾಜನ್’ ಎಂದಿದೆ ಎಂದುಕೊಳ್ಳಿ. ಹಿಂದಿನ ಪೋಷಕಾಂಶ ಪಟ್ಟಿಯಲ್ಲಿ ಸ್ಕೂಪ್‌ಗೆ ಪ್ರೋಟೀನ್ ಎಷ್ಟೆಂದು ನೋಡಿ. ಕೊಲಾಜನ್ ಪುಡಿ ಸುಮಾರು ಶೇ 90ರಷ್ಟು ಪ್ರೋಟೀನೇ. ಹಾಗಾಗಿ 10 ಗ್ರಾಂಗೆ 9 ಗ್ರಾಂ ಹತ್ತಿರ ಪ್ರೋಟೀನ್ ಇರಲೇಬೇಕು. ಅಲ್ಲಿ 5 ಗ್ರಾಂ ಎಂದಿದ್ದರೆ ಕೊಲಾಜನ್ ಹೆಚ್ಚೆಂದರೆ ಐದೂವರೆ ಗ್ರಾಂ. ಉಳಿದದ್ದು ಸಕ್ಕರೆ, ಮಾಲ್ಟೊಡೆಕ್ಸ್‌ಟ್ರಿನ್, ರುಚಿಕಾರಕ. ಮುಂದೆ ‘ಕೊಲಾಜನ್ ಮಿಶ್ರಣ 10 ಗ್ರಾಂ’ ಎಂದಿದ್ದರಂತೂ ಇದು ತೀರ ಸಾಮಾನ್ಯ.

ಈಗ ದಿನಗಳ ಲೆಕ್ಕ. 250 ಗ್ರಾಂ ಡಬ್ಬಿ 20 ಸ್ಕೂಪ್‌ಗೆ, ಅಂದರೆ 20 ದಿನಕ್ಕೆ ಮುಗಿಯುತ್ತದೆ. ಫಲ ನೋಡಲು ಕನಿಷ್ಠ 12 ವಾರ, ಅಂದರೆ 84 ದಿನ ಬೇಕು. ಐದು ಡಬ್ಬಿ, 7,500 ರೂಪಾಯಿ. ಒಂದು ಡಬ್ಬಿ ಕೊಂಡು ಬಿಡುವವರು ಹಣ ಕಳೆದುಕೊಂಡಂತೆಯೇ, ಏಕೆಂದರೆ 20 ದಿನದಲ್ಲಿ ಏನನ್ನೂ ನಿರ್ಧರಿಸಲು ಬಾರದು. ಪುಟ್ಟ ಬಾಟಲಿಯ ಪಾನೀಯಗಳಲ್ಲಿ ‘5000 ಮಿಗ್ರಾಂ’ ಎಂದು ಬರೆಯುವುದು ದೊಡ್ಡದಾಗಿ ಕಾಣಲೆಂದು. ಅದು 5 ಗ್ರಾಂ ಅಷ್ಟೇ. ಅವುಗಳಲ್ಲಿ ಸಕ್ಕರೆ ಎಷ್ಟಿದೆ ಎಂದೂ ನೋಡಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಗಿಡಗಳಲ್ಲಿ ಕೊಲಾಜನ್ ಇರುವುದೇ ಇಲ್ಲ. ‘ವೀಗನ್ ಕೊಲಾಜನ್’, ‘ಕೊಲಾಜನ್ ಬಿಲ್ಡರ್’ ಎಂದು ಹಸಿರು ಗುರುತಿನೊಂದಿಗೆ ಬರುವವು ಸಾಮಾನ್ಯವಾಗಿ ವಿಟಮಿನ್ ಸಿ, ಬಯೋಟಿನ್, ಬಿದಿರಿನ ಸಿಲಿಕಾ, ಕೆಲವು ಅಮೈನೋ ಆಮ್ಲಗಳ ಮಿಶ್ರಣ. ಮೇಲಿನ ಪ್ರಯೋಗಗಳ ಫಲಿತಾಂಶ ಅವಕ್ಕೆ ಅನ್ವಯಿಸದು. ವಿಟಮಿನ್ ಸಿ ಬೇಕಿದ್ದರೆ ಒಂದು ಸೀಬೆಹಣ್ಣೋ ಬೆಟ್ಟದ ನೆಲ್ಲಿಕಾಯಿಯೋ ದಿನಕ್ಕೆ ಸಾಕು.

ಹಂತ 5: ಕುಡಿಯುವ ಮತ್ತು ಪರೀಕ್ಷಿಸುವ ಕ್ರಮ

ಪುಡಿಯ ಮೇಲೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಲೋಟದಲ್ಲಿ ನೀರು, ಮಜ್ಜಿಗೆ ಅಥವಾ ಕಾಫಿ ತೆಗೆದುಕೊಂಡು, ಕಲಕುತ್ತಲೇ ಪುಡಿ ಉದುರಿಸಿ. ಕೊಂಡದ್ದು ನಿಜಕ್ಕೂ ಹೈಡ್ರೊಲೈಸ್ಡ್ ಹೌದೇ ಎಂದು ಮನೆಯಲ್ಲೇ ನೋಡಬಹುದು. ಬೇರೇನೂ ಬೆರೆಸದ ಪುಡಿಯನ್ನು 10 ಗ್ರಾಂನಷ್ಟು 100 ಮಿಲಿ ಬಿಸಿನೀರಿನಲ್ಲಿ ಕರಗಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಜೆಲ್ಲಿಯಂತೆ ಗಟ್ಟಿಯಾಗಿದ್ದರೆ ಅದು ಜೆಲಾಟಿನ್, ನೀರಾಗಿಯೇ ಇದ್ದರೆ ತುಂಡುಗಳು ಚಿಕ್ಕವಾಗಿವೆ.

ಇದನ್ನು ಊಟದ ಪ್ರೋಟೀನ್ ಲೆಕ್ಕಕ್ಕೆ ಸೇರಿಸಬೇಡಿ. ಕೊಲಾಜನ್‌ನಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಗತ್ಯ ಅಮೈನೋ ಆಮ್ಲ ಸ್ವಲ್ಪವೂ ಇಲ್ಲ. ಬೇಳೆ, ಮೊಟ್ಟೆ, ಹಾಲಿನ ಜಾಗವನ್ನು ಅದು ತುಂಬಲಾರದು.

ಮಂಡಿಗೆಂದು ತೆಗೆದುಕೊಳ್ಳುವವರು ಆರಂಭಿಸುವ ಮುನ್ನವೇ ಎರಡು ವಾರ, ಪ್ರತಿ ಭಾನುವಾರ ಒಂದೇ ಮೆಟ್ಟಿಲು ಹತ್ತಿಳಿದು ನೋವಿಗೆ 0ಯಿಂದ 10ರೊಳಗೆ ಅಂಕ ಬರೆಯಿರಿ. ಆಮೇಲೆ 12 ವಾರ ಹಾಗೆಯೇ ಮುಂದುವರಿಸಿ, ಆ ಅವಧಿಯಲ್ಲಿ ಹೊಸ ವ್ಯಾಯಾಮ, ಹೊಸ ಮಾತ್ರೆ ಶುರು ಮಾಡಬೇಡಿ. ನೋವು ತಾನಾಗಿಯೂ ಏರಿಳಿಯುತ್ತದೆ, ಮತ್ತು ಜನ ಪುಡಿ ಕೊಳ್ಳುವುದು ನೋವು ಹೆಚ್ಚಿರುವಾಗ. ಹಾಗಾಗಿ ಒಂದು ಅಂಕದ ಇಳಿಕೆಯನ್ನು ಪುಡಿಯ ಲೆಕ್ಕಕ್ಕೆ ಹಾಕುವಂತಿಲ್ಲ. ಎರಡು ಅಂಕ ಇಳಿದಿದ್ದರೆ ನಾಲ್ಕು ವಾರ ನಿಲ್ಲಿಸಿ ನೋಡಿ. ನೋವು ಮರಳಿದರೆ ಮುಂದುವರಿಸಲು ಒಂದು ಕಾರಣ ಸಿಕ್ಕಂತೆ. ಚರ್ಮಕ್ಕಾದರೆ ಡಿಸೆಂಬರ್‌ನ ಒಣಹವೆಯಲ್ಲಿ ಶುರು ಮಾಡಿ ಮಾರ್ಚ್‌ನಲ್ಲಿ ಹೋಲಿಸಬೇಡಿ. ಚಳಿ ಹೋದರೆ ಚರ್ಮ ತಾನೇ ಮೃದುವಾಗುತ್ತದೆ.

ಯಾರು ದೂರವಿರಬೇಕು

ಮೀನಿನ ಅಲರ್ಜಿ ಇರುವವರು ‘ಮರೀನ್’ ಎಂದಿರುವ ಪುಡಿ ಮುಟ್ಟಬಾರದು. ಮೂತ್ರಪಿಂಡದ ಕಾಯಿಲೆಗೆ ಪ್ರೋಟೀನ್ ಮಿತಿ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಕಿಡ್ನಿ ಕಲ್ಲು ಆದವರು ವಿಶೇಷ ಎಚ್ಚರದಿಂದಿರಬೇಕು. ಹೈಡ್ರಾಕ್ಸಿಪ್ರೋಲಿನ್ ದೇಹದಲ್ಲಿ ಒಡೆದಾಗ, ಹೆಚ್ಚಿನ ಕಿಡ್ನಿ ಕಲ್ಲುಗಳಲ್ಲಿರುವ ಆಕ್ಸಲೇಟ್ ಹುಟ್ಟುತ್ತದೆ. ದಿನಕ್ಕೆ 30 ಗ್ರಾಂ ಜೆಲಾಟಿನ್ ತಿಂದವರ ಮೂತ್ರದಲ್ಲಿ ಅಷ್ಟೇ ಹಾಲಿನ ಪ್ರೋಟೀನ್ ತಿಂದವರಿಗಿಂತ ಆಕ್ಸಲೇಟ್ ಹೆಚ್ಚಾಗಿದ್ದುದು ಕಂಡುಬಂದಿದೆ. ಕೊನೆಯದಾಗಿ, ಕೂದಲು-ಉಗುರಿಗೆಂದು ಬಯೋಟಿನ್ ಬೆರೆಸಿದ ಪುಡಿಗಳು ಥೈರಾಯ್ಡ್ ಪರೀಕ್ಷೆಯನ್ನೂ, ಹೃದಯಾಘಾತ ಪತ್ತೆಮಾಡುವ ಟ್ರೊಪೊನಿನ್ ಪರೀಕ್ಷೆಯನ್ನೂ ತಪ್ಪು ತೋರಿಸುವಂತೆ ಮಾಡಬಲ್ಲವು. ಮೊದಲೇ ಗೊತ್ತಾದ ರಕ್ತಪರೀಕ್ಷೆ ಇದ್ದರೆ ಕನಿಷ್ಠ 2 ದಿನ ಮುಂಚೆ ನಿಲ್ಲಿಸಿ. ತುರ್ತಾಗಿ ಆಸ್ಪತ್ರೆಗೆ ಹೋಗಬೇಕಾದರೆ ಇಂಥ ಪುಡಿ ಕುಡಿಯುತ್ತಿದ್ದೇನೆಂದು ವೈದ್ಯರಿಗೆ ಮೊದಲೇ ಹೇಳಿ.