ಮೊದಲು ಟೇಪು ಹಿಡಿಯಿರಿ, ಆಮೇಲೆ ಅರ್ಜಿ ಬರೆಯಿರಿ

ನಮ್ಮ ಊರಿನ ಸಂತೆ ಮೈದಾನದಲ್ಲಿ ಹೊಸ ಸಾರ್ವಜನಿಕ ಶೌಚಾಲಯ ಕಟ್ಟಿದಾಗ ಗೋಡೆಯ ಮೇಲೆ ಗಾಲಿಕುರ್ಚಿಯ ನೀಲಿ ಚಿತ್ರ ಬರೆದಿದ್ದರು. ರ‍್ಯಾಂಪ್ ಇತ್ತು, ಕಮೋಡ್ ಇತ್ತು. ನನ್ನ ಅಕ್ಕ ವೀಲ್‌ಚೇರ್ ಬಳಸುತ್ತಾಳೆ. ಮೊದಲ ಸಲ ಹೋದಾಗ ಬಾಗಿಲಲ್ಲೇ ಅವಳ ಎರಡೂ ಕೈ ಗೆಣ್ಣು ತರಚಿದವು. ಒಳಗೆ ಕಮೋಡಿನ ಪಕ್ಕ ಕುರ್ಚಿ ನಿಲ್ಲಿಸಲು ಜಾಗವೇ ಇರಲಿಲ್ಲ. ವಾಪಸ್ ಬಂದೆವು. ಅವತ್ತು ಮನೆ ಸೇರುವ ತನಕ ಅವಳು ಒಂದು ಗುಟುಕು ನೀರೂ ಕುಡಿಯಲಿಲ್ಲ.

ಇಂಥ ಕಡೆ ಜನ ಸಾಮಾನ್ಯವಾಗಿ ‘ಅಂಗವಿಕಲಸ್ನೇಹಿ ಶೌಚಾಲಯ ಬೇಕು’ ಎಂದು ಅರ್ಜಿ ಕೊಡುತ್ತಾರೆ. ‘ಈಗಾಗಲೇ ಇದೆ’ ಎಂದು ಹಿಂಬರಹ ಬರುತ್ತದೆ. ಅಲ್ಲಿಗೆ ಮುಗಿಯಿತು. ಅದಕ್ಕೇ ಹೇಳುವುದು, ಅರ್ಜಿಯಲ್ಲಿ ಇರಬೇಕಾದದ್ದು ಅಳತೆ.

ಮೊದಲು: ಬಳಸುವವರನ್ನೇ ಕರೆದುಕೊಂಡು ಹೋಗಿ

ಒಂದು ಟೇಪು, ಸೀಮೆಸುಣ್ಣ, ಫೋನ್ ಸಾಕು. ವೀಲ್‌ಚೇರ್ ಬಳಸುವವರು ಒಬ್ಬರು ಜೊತೆಗಿರಲೇಬೇಕು. ನಡೆಯಬಲ್ಲವರು ಖಾಲಿ ಕುರ್ಚಿ ತಳ್ಳಿಕೊಂಡು ಹೋಗಿ ‘ಸರಿ ಇದೆ’ ಎನ್ನುವುದು ಬೇಡ. ಖಾಲಿ ಕುರ್ಚಿಗೆ ಕೈ ತರಚುವುದಿಲ್ಲ.

ರ‍್ಯಾಂಪ್ ಲೆಕ್ಕ ಸುಲಭ: ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಅದಕ್ಕಿಂತ ಕಡಿದಾಗಿದ್ದರೆ ಬರೆದುಕೊಳ್ಳಿ, ಮುಂದೆ ಹೋಗಿ.

ಬಾಗಿಲು: ಎಲ್ಲರೂ ತಪ್ಪುವ ಜಾಗ

ನಮ್ಮ ಶೌಚಾಲಯದ ನಕ್ಷೆಯಲ್ಲಿ ಬಾಗಿಲು 3 ಅಡಿ, ಅಂದರೆ 91 ಸೆಂ.ಮೀ. ಆದರೆ ಅದು ಚೌಕಟ್ಟಿನ ಹೊರ ಅಳತೆ. ಎರಡು ಕಡೆಯ ಚೌಕಟ್ಟಿಗೆ 12 ಸೆಂ.ಮೀ. ಹೋಯಿತು. ತೆರೆದ ಬಾಗಿಲಿನ ದಪ್ಪಕ್ಕೆ ಮತ್ತು ಅದರ ಕೀಲುಗಳಿಗೆ ಇನ್ನೂ 4 ಹೋಯಿತು. ಉಳಿದದ್ದು 75. ಅಕ್ಕನ ಕುರ್ಚಿ 66 ಸೆಂ.ಮೀ. ಅಗಲ, ಚಕ್ರ ತಿರುಗಿಸುವ ಕೈಗಳಿಗೆ ಆ ಕಡೆ ಈ ಕಡೆ ಐದೈದು ಬೇಕು. 76 ಆಯಿತು. ಗೆಣ್ಣು ತರಚಿದ್ದು ಇದೇ ಒಂದು ಸೆಂಟಿಮೀಟರಿಗೆ.

ಆದ್ದರಿಂದ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಅದರ ಮುಖದಿಂದ ಎದುರಿನ ಚೌಕಟ್ಟಿನ ತನಕ ಅಳೆಯಿರಿ. ಅಲ್ಲಿ 90 ಸೆಂ.ಮೀ. ಸಿಗಬೇಕು. ಹೊಸದಾಗಿ ಕಟ್ಟುವುದಾದರೆ ಚೌಕಟ್ಟು ಮೂರೂವರೆ ಅಡಿಯದ್ದೇ ಬೇಕು ಎಂದು ಬರೆಯಿರಿ.

ಬಾಗಿಲು ಹೊರಗೆ ತೆರೆಯಬೇಕು, ಇಲ್ಲವೇ ಸರಿಯಬೇಕು. ಒಳಗೆ ತೆರೆಯುವ ಬಾಗಿಲಿದ್ದು ಯಾರಾದರೂ ಒಳಗೆ ಬಿದ್ದರೆ ಅವರ ದೇಹವೇ ಬಾಗಿಲಿಗೆ ಅಡ್ಡವಾಗುತ್ತದೆ, ಹೊರಗಿನವರು ತಳ್ಳಲೂ ಆಗುವುದಿಲ್ಲ. ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ. ಇನ್ನೊಂದು ತೊಂದರೆ ಹೊಸ್ತಿಲು. ನೀರು ಹೊರಗೆ ಬಾರದಿರಲಿ ಅಂತ ಎರಡು ಇಂಚಿನ ಕಲ್ಲು ಕೂರಿಸುತ್ತಾರೆ. ಕುರ್ಚಿಯ ಮುಂದಿನ ಚಿಕ್ಕ ಚಕ್ರ ಅದಕ್ಕೆ ಬಡಿದು ನಿಂತುಬಿಡುತ್ತದೆ. ನೀರು ತಡೆಯಲು ನೆಲಕ್ಕೆ ಒಳಗಿನ ಜಾಲರಿಯ ಕಡೆ ಸ್ವಲ್ಪ ಇಳಿಜಾರು ಕೊಟ್ಟರೆ ಸಾಕು.

ಒಳಗೆ: ಕುರ್ಚಿಯಿಂದ ಕಮೋಡಿಗೆ ದಾಟುವ ಜಾಗ

ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದೂವರೆ ಮೀಟರ್ ಅಗಲದ ವೃತ್ತ ಬರೆಯಿರಿ. ಕುರ್ಚಿ ತಿರುಗಲು ಅಷ್ಟು ಬೇಕು. ಬಕೆಟ್, ಪೊರಕೆ, ಫಿನಾಯಿಲ್ ಕ್ಯಾನು ವೃತ್ತದೊಳಗಿದ್ದರೆ ಫೋಟೊ ತೆಗೆಯಿರಿ. ಈ ಕೋಣೆ ಎಷ್ಟೋ ಕಡೆ ಸಾಮಾನು ಇಡುವ ಕೋಣೆಯಾಗಿಬಿಡುತ್ತದೆ.

ಈಗ ಕಮೋಡ್. ವೀಲ್‌ಚೇರಿನವರು ಕುರ್ಚಿಯನ್ನು ಕಮೋಡಿನ ಪಕ್ಕಕ್ಕೆ ತಂದು, ಕೈ ಊರಿ, ಸೊಂಟವನ್ನು ಅಡ್ಡಕ್ಕೆ ಸರಿಸಿಕೊಳ್ಳುತ್ತಾರೆ. ಆ ಒಂದು ಪಕ್ಕದಲ್ಲಿ 90 ಸೆಂ.ಮೀ. ಖಾಲಿ ಬೇಕು. ಇನ್ನೊಂದು ಪಕ್ಕದ ಗೋಡೆ ಹತ್ತಿರವೇ ಇರಬೇಕು, ಕಮೋಡಿನ ನಡುವಿನಿಂದ ಸುಮಾರು 45 ಸೆಂ.ಮೀ. ಮೇಸ್ತ್ರಿಗಳು ನೋಡಲು ಚೆನ್ನಾಗಿರಲಿ ಎಂದು ಕಮೋಡನ್ನು ಗೋಡೆಯ ಮಧ್ಯಕ್ಕೆ ಕೂರಿಸುತ್ತಾರೆ. ಆಗ ಕುರ್ಚಿಗೆ ಜಾಗವೂ ಇಲ್ಲ, ಹಿಡಿಯಲು ಗೋಡೆಯೂ ಸಿಗುವುದಿಲ್ಲ.

ಸೀಟು ನೆಲದಿಂದ 45ರಿಂದ 48 ಸೆಂ.ಮೀ. ಎತ್ತರ ಇರಲಿ, ಕುರ್ಚಿಯ ಸೀಟಿಗೆ ಸಮನಾಗಿ. ಸಾಮಾನ್ಯ ಕಮೋಡ್ ಇದಕ್ಕಿಂತ ತಗ್ಗು. ಅದಕ್ಕೇ ಕೆಳಗೆ ಕಟ್ಟೆ ಕಟ್ಟುತ್ತಾರೆ. ಕಟ್ಟೆ ಕಮೋಡಿನ ಬುಡಕ್ಕಿಂತ ಅಗಲವಾದರೆ ಚಕ್ರ ಅಲ್ಲೇ ತಡೆಯುತ್ತದೆ, ಎರಡು ಸೀಟಿನ ನಡುವೆ ಕಂದಕ ಉಳಿಯುತ್ತದೆ. ಗೋಡೆಗೆ ತೂಗುವ ಕಮೋಡೇ ಒಳ್ಳೆಯದು, ಬೇಕಾದ ಎತ್ತರಕ್ಕೆ ಕೂರಿಸಬಹುದು.

ಹಿಡಿಯುವ ಕಂಬಿ, ಅಂದರೆ ಗ್ರ್ಯಾಬ್ ಬಾರ್, ನೆಲದಿಂದ ಸುಮಾರು 70 ಸೆಂ.ಮೀ. ಎತ್ತರದಲ್ಲಿ ಬೇಕು. ಖಾಲಿ ಪಕ್ಕದಲ್ಲಿ ಮೇಲೆ ಮಡಚುವ ಕಂಬಿ ಇರಲಿ. ದಯವಿಟ್ಟು ಟವೆಲ್ ಹಾಕುವ ರಾಡನ್ನು ಒಪ್ಪಿಕೊಳ್ಳಬೇಡಿ. ನಮ್ಮಲ್ಲಿ ಅದನ್ನೇ ಟೈಲ್ಸ್ ಮೇಲೆ ಪ್ಲಾಸ್ಟಿಕ್ ಗಿಟಕು ಹೊಡೆದು ಕೂರಿಸಿದ್ದರು. ನಾನು ಎರಡೂ ಕೈಯಲ್ಲಿ ಭಾರ ಬಿಟ್ಟೆ, ಟೈಲ್ಸ್ ಸಮೇತ ಕೈಗೆ ಬಂತು. ಅಕ್ಕ ಹಿಡಿದಿದ್ದರೆ ನೆಲಕ್ಕೆ ಬೀಳುತ್ತಿದ್ದಳು. ಟೈಲ್ಸ್ ಹಾಕುವ ಮೊದಲೇ ಕಂಬಿ ಬರುವ ಜಾಗದಲ್ಲಿ ಗೋಡೆಗೆ ಕಾಂಕ್ರೀಟ್ ತುಂಬಿಸಿ, ಆಂಕರ್ ಬೋಲ್ಟ್ ಹಾಕಬೇಕು. ನೀವೂ ಹೀಗೇ ಭಾರ ಬಿಟ್ಟು ಪರೀಕ್ಷಿಸಿ.

ಕುಡಿಯುವ ನೀರು

ಶುದ್ಧ ಕುಡಿಯುವ ನೀರಿನ ಘಟಕಗಳಿಗೆ ಮೆಟ್ಟಿಲು ಇರುವುದೇ ಜಾಸ್ತಿ, ನಾಣ್ಯದ ಕಿಂಡಿ ಎದೆಗಿಂತ ಮೇಲೆ. ಕಿಂಡಿ 120 ಸೆಂ.ಮೀ. ಒಳಗಿರಲಿ. ನಲ್ಲಿಗಳು ಎರಡು ಎತ್ತರದಲ್ಲಿರಲಿ, ತಗ್ಗಿನ ನಲ್ಲಿಯ ಕೆಳಗೆ ಕಟ್ಟೆ ಕಟ್ಟದೆ ಮೊಣಕಾಲು ತೂರುವಷ್ಟು ಖಾಲಿ ಬಿಡಲಿ. ಒತ್ತಿ ಹಿಡಿದರೆ ಮಾತ್ರ ನೀರು ಬರುವ ಸ್ಪ್ರಿಂಗ್ ನಲ್ಲಿ ಬೇಡವೇ ಬೇಡ. ಒಂದೇ ಕೈ ಇರುವವರು ನಲ್ಲಿ ಒತ್ತಬೇಕೋ, ಲೋಟ ಹಿಡಿಯಬೇಕೋ? ಉದ್ದ ಹಿಡಿಯ ನಲ್ಲಿ ಹಾಕಿಸಿ, ಮೊಣಕೈಯಲ್ಲೂ ತಿರುಗುತ್ತದೆ.

ಅರ್ಜಿ

ಪುರಸಭೆಯಾದರೆ ಮುಖ್ಯಾಧಿಕಾರಿಗೆ, ನಗರಸಭೆಯಾದರೆ ಪೌರಾಯುಕ್ತರಿಗೆ ಬರೆಯಿರಿ. ‘ಸೂಕ್ತ ಕ್ರಮ’ ಎಂಬ ಮಾತು ಬೇಡ. ‘ಬಾಗಿಲು ಈಗ 75 ಸೆಂ.ಮೀ. ಇದೆ, 90 ಬೇಕು’ ಎಂದು ಒಂದೊಂದನ್ನೂ ಒಂದೊಂದು ಸಾಲಲ್ಲಿ ಬರೆದು, ಟೇಪು ಕಾಣುವ ಫೋಟೊ ಲಗತ್ತಿಸಿ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 45ನೇ ಸೆಕ್ಷನ್ ಹೆಸರಿಸಿ. ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಿಯಮ ಬಂದ ಐದು ವರ್ಷದೊಳಗೆ ಸರಿಪಡಿಸಬೇಕು ಎನ್ನುತ್ತದೆ ಅದು. ನಿಯಮ ಬಂದದ್ದು 2017ರಲ್ಲಿ, ಗಡುವು ಮುಗಿದಿದೆ. ‘ಅಳತೆ ಬರೀ ಸಲಹೆ’ ಎಂದು ಯಾರಾದರೂ ಹೇಳಿದರೆ, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ರಾಜೀವ್ ರತೂರಿ ಪ್ರಕರಣದ ತೀರ್ಪು ತೋರಿಸಿ. ಮಾನದಂಡವನ್ನು ಬರೀ ಶಿಫಾರಸಿನಂತೆ ಇಟ್ಟಿದ್ದ ನಿಯಮ ಕಾಯ್ದೆಗೆ ವಿರುದ್ಧ, ಕಡ್ಡಾಯ ನಿಯಮ ಮಾಡಿ ಎಂದು ಕೋರ್ಟ್ ಕೇಂದ್ರಕ್ಕೆ ಹೇಳಿದೆ.

ಹಣವಿಲ್ಲ ಎಂದರೆ ವಿಕಲಚೇತನರಿಗೆ ಮೀಸಲಿಡುವ ಶೇ 5ರ ಅನುದಾನದ ಬಗ್ಗೆ ಕೇಳಿ. ಕಚೇರಿಯ ಟಪಾಲು ವಿಭಾಗದಲ್ಲಿ ಅರ್ಜಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕದಲಬೇಡಿ.

ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಆ ಕಾಮಗಾರಿಯ ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದ ಪ್ರತಿ ಕೇಳಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಶೇ 5ರ ಲೆಕ್ಕ ಬೇಕಿದ್ದರೆ ಬೇರೆ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ಅಂದಾಜು ಪಟ್ಟಿಯಲ್ಲಿ ಗ್ರ್ಯಾಬ್ ಬಾರ್ ಇದ್ದು ಗೋಡೆಯಲ್ಲಿ ಟವೆಲ್ ರಾಡ್ ಇದ್ದರೆ, ಪಟ್ಟಿಯ ಪ್ರತಿ, ರಾಡಿನ ಫೋಟೊ ಎರಡನ್ನೂ ಲಗತ್ತಿಸಿ ಬೆಂಗಳೂರಿನ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕಳಿಸಿ.

ನಾವು ಹೀಗೇ ಮಾಡಿದೆವು. ಎಂಜಿನಿಯರ್ ಬಂದರು. ಅಕ್ಕ ಅವರ ಎದುರೇ ಬಾಗಿಲು ದಾಟಿ ಗೆಣ್ಣು ತೋರಿಸಿದಳು. ಚೌಕಟ್ಟು ಬದಲಾಯಿತು, ಕಂಬಿ ಗಟ್ಟಿಯಾಯಿತು. ಕಮೋಡ್ ಇನ್ನೂ ಗೋಡೆಯ ಮಧ್ಯದಲ್ಲೇ ಇದೆ. ಅದಕ್ಕೆ ಎರಡನೇ ಅರ್ಜಿ ಕೊಟ್ಟಿದ್ದೇವೆ, ಸ್ವೀಕೃತಿ ಅಕ್ಕನ ಹತ್ತಿರ ಇದೆ.